ಗೇಟು ದಾಟಿದ ಕೂಡಲೇ ವಿಪಿಎನ್ ಏಕೆ ನಿಲ್ಲುತ್ತದೆ?



ಮನೆಯಿಂದ ಕಚೇರಿ ಕೆಲಸ ಮಾಡುವ ಅನೇಕರ ಫೋನಿನಲ್ಲಿ ಈಗ ವಿಪಿಎನ್ ಇರುತ್ತದೆ. ಕಚೇರಿಯ ಕಡತ, ಕಚೇರಿಯ ಚಾಟ್, ಕಚೇರಿಯ ಲೆಕ್ಕಪತ್ರ ಎಲ್ಲವೂ ಅದರ ಮೂಲಕವೇ ಬರುತ್ತವೆ, ಹೋಗುತ್ತವೆ. ಮನೆಯ ವೈ-ಫೈನಲ್ಲಿ ಅದು ದಿನವಿಡೀ ಸರಾಗವಾಗಿ ನಡೆಯುತ್ತದೆ. ಫೋನ್ ಹಿಡಿದು ಗೇಟು ದಾಟಿ ರಸ್ತೆಗೆ ಬಂದರೆ ಸಾಕು, ನಿಂತುಹೋಗುತ್ತದೆ. ಮೊಬೈಲ್ ಡೇಟಾ ಚೆನ್ನಾಗಿಯೇ ಇದೆ. ಸಿಗ್ನಲ್ ಕಡ್ಡಿಗಳೆಲ್ಲ ತುಂಬಿವೆ. ಆದರೂ ಕಡತ ತೆರೆಯುವುದಿಲ್ಲ. ವಿಪಿಎನ್ ಆರಿಸಿ ಮತ್ತೆ ಹಾಕಿದರೆ ಎಲ್ಲ ಸರಿಹೋಗುತ್ತದೆ.

ಇದಕ್ಕೆ ಹಲವರು ಒಂದೇ ಮದ್ದು ಹೇಳುತ್ತಾರೆ. ಕೀಪ್‌ಅಲೈವ್ ಹಾಕಿಕೊಳ್ಳಿ, ಸರಿಹೋಗುತ್ತದೆ ಎನ್ನುತ್ತಾರೆ. ಕೆಲವೊಮ್ಮೆ ಸರಿಹೋಗುತ್ತದೆ. ಬಹಳ ಸಲ ಹೋಗುವುದಿಲ್ಲ. ಏಕೆಂದರೆ ಇಲ್ಲಿ ಇರುವುದು ಒಂದು ತೊಂದರೆಯಲ್ಲ, ಎರಡು. ಒಂದು, ಫೋನಿನ ವಿಳಾಸ ಬದಲಾಗುವುದು. ಇನ್ನೊಂದು, ಫೋನ್ ಸುಮ್ಮನಿದ್ದಾಗ ದಾರಿ ಮುಚ್ಚಿಹೋಗುವುದು. ಎರಡೂ ಹೊರಗಿನಿಂದ ಒಂದೇ ಥರ ಕಾಣುತ್ತವೆ. ಆದರೆ ಕಾರಣ ಬೇರೆ, ಪರಿಹಾರವೂ ಬೇರೆ. ಇವತ್ತಿನ ಮಾತು ಈ ಎರಡನ್ನು ಬಿಡಿಸಿ ನೋಡುವುದರ ಬಗ್ಗೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಮೈಸೂರಿನ ಕುವೆಂಪುನಗರದಲ್ಲಿ ಒಬ್ಬ ಹೆಣ್ಣುಮಗಳ ಮನೆ. ಅವರ ಕಚೇರಿಯ ಸರ್ವರ್ ಬೆಂಗಳೂರಿನಲ್ಲಿದೆ. ಅವರು ಫೋನಿನಿಂದ ಕಚೇರಿಗೆ ಒಂದು ದೊಡ್ಡ ಕಡತ ಕಳಿಸುತ್ತಿದ್ದಾರೆ. ಕಡತ ಅರ್ಧ ಹೋಗಿದೆ. ಅಷ್ಟರಲ್ಲಿ ಬಸ್ಸಿಗೆ ಹೊತ್ತಾಯಿತೆಂದು ಮನೆಯಿಂದ ಹೊರಟರು. ಗೇಟಿನ ಬಳಿ ವೈ-ಫೈ ಬಿಟ್ಟುಹೋಯಿತು. ಫೋನ್ ಮೊಬೈಲ್ ಡೇಟಾಕ್ಕೆ ಹೊರಳಿತು.

ಈ ಹೊರಳುವಿಕೆಯಲ್ಲಿ ಬದಲಾದದ್ದು ಏನು? ಫೋನಿನ ಐಪಿ ವಿಳಾಸ. ವೈ-ಫೈನಲ್ಲಿದ್ದಾಗ ಅವರ ಮಾತೆಲ್ಲ ಮನೆಯ ಬ್ರಾಡ್‌ಬ್ಯಾಂಡ್ ವಿಳಾಸದಿಂದ ಹೊರಡುತ್ತಿತ್ತು. ಈಗ ಮೊಬೈಲ್ ಕಂಪನಿಯ ವಿಳಾಸದಿಂದ ಹೊರಡುತ್ತದೆ. ಬೆಂಗಳೂರಿನ ಸರ್ವರಿಗೆ ಇದು ಪೂರ್ತಿ ಹೊಸ ವಿಳಾಸ.

ಆದರೆ ವಿಪಿಎನ್‌ನಲ್ಲಿ ವಿಳಾಸ ಒಂದೇ ಅಲ್ಲ, ಎರಡಿರುತ್ತವೆ. ಇದನ್ನು ಸ್ವಲ್ಪ ನಿಧಾನವಾಗಿ ಕೇಳಿ. ಕಡತದ ಪ್ರತಿ ತುಣುಕೂ ಮೊದಲು ಒಂದು ಒಳಗಿನ ವಿಳಾಸ ಹೊತ್ತಿರುತ್ತದೆ. ಅದು ಕಚೇರಿಯವರು ಈ ಫೋನಿಗೆಂದೇ ಕೊಟ್ಟ ವಿಳಾಸ. ಆ ತುಣುಕನ್ನು ವಿಪಿಎನ್ ಗೂಢಲಿಪಿ ಮಾಡಿ, ಮೇಲೆ ಇನ್ನೊಂದು ಹೊದಿಕೆ ಹಾಕುತ್ತದೆ. ಹೊದಿಕೆಯ ಮೇಲೆ ಹೊರಗಿನ ವಿಳಾಸ. ಗೇಟು ದಾಟಿದಾಗ ಬದಲಾಗುವುದು ಹೊರಗಿನದು ಮಾತ್ರ. ಒಳಗಿನದು ಹಾಗೆಯೇ ಉಳಿಯುತ್ತದೆ. ಆದ್ದರಿಂದ ಕಡತ ಕಳಿಸುವ ಆ್ಯಪಿಗೆ ಏನೂ ಆಗಿಲ್ಲ. ಹೊರಗಿನ ಹೊದಿಕೆ ಹೊಸ ದಾರಿ ಹಿಡಿದರೆ ಸಾಕು, ಕಡತ ನಿಂತಲ್ಲಿಂದ ಮುಂದುವರಿಯಬಹುದು.

ಹಾಗಾದರೆ ಎಲ್ಲ ವಿಪಿಎನ್‌ಗಳಲ್ಲೂ ಹೀಗೇ ಆಗಬೇಕಲ್ಲ? ಆಗುವುದಿಲ್ಲ. ಸರ್ವರ್ ಈ ಫೋನನ್ನು ಯಾವುದರಿಂದ ಗುರುತು ಹಿಡಿಯುತ್ತದೆ ಎಂಬುದರ ಮೇಲೆ ಎಲ್ಲ ನಿಂತಿದೆ.

ಟಿಸಿಪಿ ಎಂಬ ವಿಧಾನದ ಮೇಲೆ ನಡೆಯುವ ವಿಪಿಎನ್‌ಗಳನ್ನು ಮೊದಲು ನೋಡೋಣ. ಕಚೇರಿಗಳಲ್ಲಿ ಇವು ಇನ್ನೂ ಬಹಳ ಇವೆ. ಟಿಸಿಪಿ ಒಂದು ಸಂಪರ್ಕವನ್ನು ನಾಲ್ಕು ಸಂಗತಿಗಳಿಂದ ಗುರುತಿಸುತ್ತದೆ. ಈ ಕಡೆಯ ವಿಳಾಸ, ಈ ಕಡೆಯ ಪೋರ್ಟ್ ಸಂಖ್ಯೆ, ಆ ಕಡೆಯ ವಿಳಾಸ, ಆ ಕಡೆಯ ಪೋರ್ಟ್ ಸಂಖ್ಯೆ. ನಾಲ್ಕರಲ್ಲಿ ಒಂದು ಬದಲಾದರೂ ಅದು ಹಳೆಯ ಸಂಪರ್ಕವಲ್ಲ. ಗೇಟು ದಾಟಿದ ಫೋನಿಗೆ ಈ ಕಡೆಯ ವಿಳಾಸವೇ ಬದಲಾಗಿದೆ. ಸಂಪರ್ಕ ಅಲ್ಲಿಗೆ ಮುಗಿಯಿತು.

ಮುಗಿಯಿತು ಎಂಬುದನ್ನು ಎರಡೂ ಕಡೆಯವರು ತಿಳಿಯಬೇಕಲ್ಲ. ಅಲ್ಲಿಯೇ ಹೊತ್ತು ಕಳೆಯುವುದು. ವೈ-ಫೈ ಹೋಗುವಾಗ ಸರ್ವರಿಗೆ ಹೇಳಿ ಹೋಗುವುದಿಲ್ಲ. ಸರ್ವರ್ ಹಳೆಯ ವಿಳಾಸಕ್ಕೇ ಉತ್ತರ ಕಳಿಸುತ್ತಿರುತ್ತದೆ. ಓಪನ್‌ವಿಪಿಎನ್‌ನಲ್ಲಿ ಸರ್ವರ್ ನಡೆಸುವವರು ಬರೆಯುವ ಒಂದು ಸಾಲು ಹೀಗಿರುತ್ತದೆ:

```
keepalive 10 60
```

ಇದರ ಅರ್ಥ ಇಷ್ಟು. ಹತ್ತು ಸೆಕೆಂಡ್ ಏನೂ ಕಳಿಸದಿದ್ದರೆ ಒಂದು ಚಿಕ್ಕ ಪ್ಯಾಕೆಟ್ ಕಳಿಸು. ಅರವತ್ತು ಸೆಕೆಂಡ್ ಆ ಕಡೆಯಿಂದ ಏನೂ ಬರದಿದ್ದರೆ, ಸಂಪರ್ಕ ಹೋಗಿದೆ ಎಂದು ತಿಳಿದು ಮೊದಲಿನಿಂದ ಶುರುಮಾಡು. ಸರ್ವರ್ ತನ್ನ ಮಟ್ಟಿಗೆ ಇದರ ಎರಡರಷ್ಟು, ಅಂದರೆ ಎರಡು ನಿಮಿಷ ಕಾಯುತ್ತದೆ. ರಸ್ತೆಯಲ್ಲಿ ನಿಂತು ಅನೇಕರು ಅನುಭವಿಸುವ ಆ ಒಂದು ನಿಮಿಷದ ಮೌನ ಈ ಅರವತ್ತರಿಂದಲೇ ಬಂದದ್ದು. ಫೋನಿನ ಆ್ಯಪ್ ಚೆನ್ನಾಗಿ ಬರೆದದ್ದಾದರೆ ಜಾಲ ಬದಲಾದದ್ದನ್ನು ಫೋನಿನಿಂದಲೇ ತಿಳಿದುಕೊಂಡು ಆ ನಿಮಿಷ ಕಾಯದೆ ಹೊಸದಾಗಿ ಸೇರುತ್ತದೆ. ಆದರೆ ಹೊಸದಾಗಿ ಸೇರುವಾಗ ಕೆಲವು ಕಚೇರಿಗಳು ಮತ್ತೆ ಒಟಿಪಿ ಕೇಳುತ್ತವೆ. ಫೋನ್ ಚೀಲದೊಳಗಿದ್ದರೆ ಆ ಒಟಿಪಿಯನ್ನು ಯಾರು ಒತ್ತಬೇಕು? ವಿಪಿಎನ್ ಹಾಗೆಯೇ ಕಾದು ಕೂರುತ್ತದೆ.

ಇಲ್ಲಿ ಒಂದು ಮಾತನ್ನು ಗಮನಿಸಿ. ಈ ಸಾಲಿನ ಕೀಪ್‌ಅಲೈವ್ ಸಂಪರ್ಕವನ್ನು ಉಳಿಸಲಿಲ್ಲ. ಸತ್ತ ಸಂಪರ್ಕವನ್ನು ಸತ್ತಿದೆ ಎಂದು ಗುರುತಿಸಿತು, ಅಷ್ಟೇ. ಅರವತ್ತನ್ನು ಇಪ್ಪತ್ತಕ್ಕೆ ಇಳಿಸಿದರೆ ಬೇಗ ಗುರುತಿಸುತ್ತದೆ. ಆದರೆ ರೈಲಿನಲ್ಲಿ ಸಿಗ್ನಲ್ ಅರ್ಧ ನಿಮಿಷ ಮಂಕಾದರೂ ಸಾಕು, ಇನ್ನೂ ಜೀವವಿರುವ ಸಂಪರ್ಕವನ್ನು ಸತ್ತಿತೆಂದು ಕಡಿದುಹಾಕುತ್ತದೆ.

ಇನ್ನು ಎರಡನೆಯ ಬಗೆ. ಟಿಸಿಪಿ ವಿಪಿಎನ್ ವಿಳಾಸದಿಂದ ಗುರುತು ಹಿಡಿಯುತ್ತದೆ, ಆದ್ದರಿಂದ ವಿಳಾಸ ಬದಲಾದರೆ ಕಡಿಯುತ್ತದೆ ಎಂದೆವು. ವಿಳಾಸ ಬಿಟ್ಟು ಬೇರೆ ಗುರುತು ಇಟ್ಟುಕೊಂಡರೆ? ವೈರ್‌ಗಾರ್ಡ್ ಮಾಡಿದ್ದು ಅದನ್ನೇ. ಇದನ್ನು ರೂಪಿಸಿದವರು ಜೇಸನ್ ಡೊನೆನ್‌ಫೆಲ್ಡ್. 2020ರಲ್ಲಿ ಇದು ಲಿನಕ್ಸ್ ಕರ್ನಲ್‌ನ ಭಾಗವೇ ಆಯಿತು. ಇದು ಟಿಸಿಪಿಯ ಮೇಲಲ್ಲ, ಯುಡಿಪಿಯ ಮೇಲೆ ನಡೆಯುತ್ತದೆ. ಯುಡಿಪಿಯಲ್ಲಿ ಪ್ರತಿ ಪ್ಯಾಕೆಟ್ಟೂ ತನ್ನಷ್ಟಕ್ಕೆ ಹೊರಡುತ್ತದೆ. ಕಡಿಯುವುದಕ್ಕೆ ಸಂಪರ್ಕವೆಂಬುದೇ ಅಲ್ಲಿಲ್ಲ.

ವೈರ್‌ಗಾರ್ಡ್‌ನಲ್ಲಿ ಫೋನಿನ ಗುರುತು ಒಂದು ಕೀಲಿ. ಮಗಳು ಯಾರದೋ ಫೋನಿನಿಂದ, ಗೊತ್ತಿಲ್ಲದ ನಂಬರಿನಿಂದ ಮನೆಗೆ ಕರೆ ಮಾಡುತ್ತಾಳೆ. ತಾಯಿ ನಂಬರು ನೋಡುವುದಿಲ್ಲ. ದನಿ ಕೇಳಿ ಮಗಳೇ ಎಂದು ಗುರುತು ಹಿಡಿಯುತ್ತಾಳೆ. ಮತ್ತೆ ಕರೆ ಮಾಡಬೇಕಾದರೆ ಈ ಹೊಸ ನಂಬರಿಗೇ ಮಾಡುತ್ತಾಳೆ. ವೈರ್‌ಗಾರ್ಡ್ ಸರ್ವರ್ ನಡೆದುಕೊಳ್ಳುವುದು ಸರಿಯಾಗಿ ಹೀಗೆ. ಒಂದು ಪ್ಯಾಕೆಟ್ ಬಂತು. ಅದನ್ನು ಈ ಫೋನಿನ ಜೊತೆ ಮೊದಲೇ ಒಪ್ಪಿಕೊಂಡ ಕೀಲಿಯಿಂದ ಬಿಚ್ಚಿ ನೋಡುತ್ತದೆ. ಸರಿಯಾಗಿ ಬಿಚ್ಚಿಕೊಂಡರೆ ಇದು ಅದೇ ಫೋನು. ಬಂದ ವಿಳಾಸ ಹೊಸದಾಗಿದ್ದರೆ ಅದನ್ನು ಬರೆದುಕೊಂಡು, ಇನ್ನು ಮುಂದಿನ ಉತ್ತರವನ್ನೆಲ್ಲ ಅಲ್ಲಿಗೇ ಕಳಿಸುತ್ತದೆ. ವಿಳಾಸ ಬದಲಾಯಿತು ಎಂದು ಫೋನ್ ಬೇರೆಯಾಗಿ ತಿಳಿಸಬೇಕಾಗಿಲ್ಲ. ಹೊಸ ಒಟಿಪಿ ಇಲ್ಲ, ಹೊಸ ಲಾಗಿನ್ ಇಲ್ಲ. ಇದಕ್ಕೇ ರೋಮಿಂಗ್ ಎನ್ನುತ್ತಾರೆ. ಸಿಮ್ ಕಾರ್ಡಿನ ರೋಮಿಂಗಿಗೂ ಇದಕ್ಕೂ ಸಂಬಂಧವಿಲ್ಲ.

ಹಳೆಯ ಪ್ಯಾಕೆಟ್ಟನ್ನು ಕದ್ದಿಟ್ಟುಕೊಂಡು, ಇನ್ನೊಂದು ವಿಳಾಸದಿಂದ ಕಳಿಸಿ ಸರ್ವರನ್ನು ದಾರಿ ತಪ್ಪಿಸಲು ಬರುವುದಿಲ್ಲವೇ ಎಂದು ಕೆಲವರು ಕೇಳಬಹುದು. ಪ್ರತಿ ಪ್ಯಾಕೆಟ್ಟಿಗೂ ಏರುತ್ತಾ ಹೋಗುವ ಒಂದು ಸಂಖ್ಯೆ ಇರುತ್ತದೆ. ಒಮ್ಮೆ ಬಂದ ಸಂಖ್ಯೆ ಮತ್ತೆ ಬಂದರೆ ಸರ್ವರ್ ಅದನ್ನು ಬಿಸಾಡುತ್ತದೆ.

ಇದೇ ಕೆಲಸವನ್ನು ಬೇರೆಯವರೂ ಬೇರೆ ರೀತಿಯಲ್ಲಿ ಮಾಡಿದ್ದಾರೆ. ಐಕೆಇವಿ2 ಎಂಬ ವಿಪಿಎನ್‌ಗೆ ಮೊಬೈಕ್ ಎಂಬ ಸೇರ್ಪಡೆ 2006ರಲ್ಲೇ ಬಂತು. ಅದರಲ್ಲಿ ಫೋನು, ನನ್ನ ವಿಳಾಸ ಬದಲಾಗಿದೆ ಎಂದು ಸರ್ವರಿಗೆ ಬಾಯಿಬಿಟ್ಟು ಹೇಳುತ್ತದೆ. ಎರಡೂ ಕಡೆ ಮೊಬೈಕ್ ಇದ್ದರೆ ಮಾತ್ರ ಇದು ನಡೆಯುತ್ತದೆ. ಓಪನ್‌ವಿಪಿಎನ್ ಕೂಡ 2.4ನೇ ಆವೃತ್ತಿಯಿಂದ ಈಚೆಗೆ, ಯುಡಿಪಿಯ ಮೇಲೆ ನಡೆದರೆ, ವಿಳಾಸ ಬದಲಾದ ಫೋನನ್ನು ಗುರುತು ಹಿಡಿಯಬಲ್ಲದು. ಹಾಗಾಗಿ ಗೇಟಿನ ಬಳಿ ಒಂದು ನಿಮಿಷ ಮೌನವಾಗುವ ಕಚೇರಿ ವಿಪಿಎನ್ ನಿಮ್ಮದಾದರೆ, ಕೀಪ್‌ಅಲೈವ್ ತಿದ್ದುವ ಮೊದಲು ಒಂದು ಪ್ರಶ್ನೆ ಕೇಳಿ. ಇದು ಟಿಸಿಪಿಯ ಮೇಲೆ ನಡೆಯುತ್ತಿದೆಯೋ, ಯುಡಿಪಿಯ ಮೇಲೋ? ನನ್ನ ಮಟ್ಟಿಗೆ ಅದೇ ಮೊದಲ ಪ್ರಶ್ನೆ.

ಸರಿ, ಇಷ್ಟು ಹೊತ್ತು ಹೇಳಿದ್ದು ಗುರುತಿನ ವಿಚಾರ. ವಿಳಾಸದಿಂದ ಗುರುತು ಹಿಡಿದರೆ ಕಡಿಯುತ್ತದೆ, ಕೀಲಿಯಿಂದ ಹಿಡಿದರೆ ಉಳಿಯುತ್ತದೆ. ಈಗ ನಮ್ಮ ಹೆಣ್ಣುಮಗಳ ಬಳಿಗೆ ಹೋಗೋಣ. ಅವರ ಫೋನಿನಲ್ಲಿ ವೈರ್‌ಗಾರ್ಡ್ ಇದೆ ಎಂದುಕೊಳ್ಳಿ. ಆದರೂ ಗೇಟಿನ ಬಳಿ ಕಡತ ಹತ್ತು ಹದಿನೈದು ಸೆಕೆಂಡ್ ನಿಂತಿತು. ಏಕೆ?

ಆ ಹೊತ್ತನ್ನು ಸೆಕೆಂಡ್ ಸೆಕೆಂಡಾಗಿ ನೋಡೋಣ. ಮನೆಯ ಬಾಗಿಲಿನಿಂದ ಗೇಟಿನವರೆಗೆ ವೈ-ಫೈ ಸಿಗ್ನಲ್ ಕರಗುತ್ತಾ ಬಂತು. ಆದರೆ ಪೂರ್ತಿ ಹೋಗಲಿಲ್ಲ. ಫೋನ್ ಅದನ್ನು ಬಿಡಲೊಲ್ಲದೆ ಹಿಡಿದುಕೊಂಡೇ ಇತ್ತು. ವೈ-ಫೈ ಗುರುತು ಪರದೆಯ ಮೇಲಿದೆ, ಪ್ಯಾಕೆಟ್ ಮಾತ್ರ ಒಂದೂ ದಾಟುತ್ತಿಲ್ಲ. ಇಂಥ ಸ್ಥಿತಿ ಹತ್ತು ಸೆಕೆಂಡ್ ನಡೆಯಿತು ಎಂದುಕೊಳ್ಳೋಣ. ಈ ಹತ್ತು ಸೆಕೆಂಡಿನಲ್ಲಿ ವಿಪಿಎನ್ ಏನೂ ಮಾಡಲಾರದು. ಯಾವ ದಾರಿಯಲ್ಲಿ ಹೋಗಬೇಕೆಂದು ತೀರ್ಮಾನಿಸುವುದು ವಿಪಿಎನ್ ಅಲ್ಲ, ಫೋನು. ಫೋನ್ ಇನ್ನೂ ವೈ-ಫೈ ದಾರಿಯನ್ನೇ ತೋರಿಸುತ್ತಿದೆ.

ಹತ್ತನೇ ಸೆಕೆಂಡಿಗೆ ಫೋನ್ ವೈ-ಫೈ ಬಿಟ್ಟಿತು. ಮೊಬೈಲ್ ಡೇಟಾ ಹಿಡಿಯಿತು. ವೈರ್‌ಗಾರ್ಡ್‌ನ ಮುಂದಿನ ಪ್ಯಾಕೆಟ್ ಹೊಸ ದಾರಿಯಲ್ಲಿ ಹೊರಟಿತು. ಬೆಂಗಳೂರಿನ ಸರ್ವರ್ ಅದನ್ನು ಬಿಚ್ಚಿ ನೋಡಿ, ಹೊಸ ವಿಳಾಸ ಬರೆದುಕೊಂಡಿತು. ಹಳೆಯ ಕೀಲಿಯೇ ಇನ್ನೂ ನಡೆಯುತ್ತಿದೆ. ಇದೆಲ್ಲ ಒಂದು ಸೆಕೆಂಡಿಗೂ ಕಡಿಮೆ ಹೊತ್ತಿನ ಕೆಲಸ.

ಆದರೆ ಕಡತ ಕೂಡಲೇ ಹೊರಡಲಿಲ್ಲ. ಕಡತ ಕಳಿಸುವ ಆ್ಯಪ್ ಒಳಗೆ ಬಳಸುವುದು ಟಿಸಿಪಿಯನ್ನೇ. ಉತ್ತರ ಬರದಿದ್ದಾಗ ಟಿಸಿಪಿ ಪದೇ ಪದೇ ಕಳಿಸಿ ನೋಡುತ್ತದೆ. ಪ್ರತಿ ಸಲವೂ ಕಾಯುವ ಹೊತ್ತು ಎರಡರಷ್ಟಾಗುತ್ತದೆ. ಒಂದು ಸೆಕೆಂಡ್ ಕಾದು ಕಳಿಸಿತು. ಆಮೇಲೆ ಎರಡು. ಆಮೇಲೆ ನಾಲ್ಕು. ಆಮೇಲೆ ಎಂಟು. ಕೂಡಿಸಿ ನೋಡಿ. ಒಂದನೇ ಸೆಕೆಂಡಿಗೆ, ಮೂರನೇ ಸೆಕೆಂಡಿಗೆ, ಏಳನೇ ಸೆಕೆಂಡಿಗೆ ಕಳಿಸಿತು. ಮುಂದಿನ ಸರದಿ ಹದಿನೈದನೇ ಸೆಕೆಂಡಿಗೆ. ವಿಪಿಎನ್ ಹತ್ತಕ್ಕೇ ಸಿದ್ಧವಾಗಿದೆ. ಕಡತ ಹದಿನೈದಕ್ಕೆ ಎಚ್ಚರವಾಯಿತು. ನಡುವಿನ ಐದು ಸೆಕೆಂಡಿಗೆ ವಿಪಿಎನ್ ಅನ್ನು ದೂರಿ ಫಲವಿಲ್ಲ. ಆ ಐದು ಸೆಕೆಂಡಿನಲ್ಲಿ ತಾಳ್ಮೆಗೆಟ್ಟು ವಿಪಿಎನ್ ಆರಿಸಿ ಹಾಕಿದರೆ ಇನ್ನೂ ಹೆಚ್ಚು ಹೊತ್ತು ಹೋಗುತ್ತದೆ.

ವೈ-ಫೈ ಹೋದಮೇಲೆ ಮೊಬೈಲ್ ಡೇಟಾ ಸಿಗಲು ಇನ್ನೂ ತಡವಾದರೂ ವೈರ್‌ಗಾರ್ಡ್ ಕೈಚೆಲ್ಲುವುದಿಲ್ಲ. ಕಳಿಸಿದ್ದಕ್ಕೆ ಹದಿನೈದು ಸೆಕೆಂಡಿನಷ್ಟು ಹೊತ್ತು ಉತ್ತರ ಬರದಿದ್ದರೆ ಹೊಸ ಹ್ಯಾಂಡ್‌ಶೇಕ್‌ಗೆ ತೊಡಗುತ್ತದೆ. ಅಂದರೆ ಸರ್ವರಿನೊಡನೆ ಕೀಲಿಯನ್ನು ಹೊಸದಾಗಿ ಒಪ್ಪಿಕೊಳ್ಳುವ ಕೆಲಸ. ಐದೈದು ಸೆಕೆಂಡಿಗೊಮ್ಮೆ ಪ್ರಯತ್ನಿಸುತ್ತದೆ. ಒಂದೂವರೆ ನಿಮಿಷ ಪ್ರಯತ್ನಿಸಿ ನಿಲ್ಲಿಸುತ್ತದೆ. ನಿಲ್ಲಿಸಿದರೂ, ಕಳಿಸಲು ಹೊಸದೇನಾದರೂ ಬಂದರೆ ಮತ್ತೆ ಶುರುಮಾಡುತ್ತದೆ.

ಇಲ್ಲಿಯವರೆಗಿನ ಕಥೆಯಲ್ಲಿ ಫೋನ್ ಮಾತಾಡುತ್ತಿತ್ತು. ಕಡತ ಹೋಗುತ್ತಿತ್ತು, ಹಾಗಾಗಿ ಹೊಸ ವಿಳಾಸದಿಂದ ಪ್ಯಾಕೆಟ್ ತಾನಾಗಿ ಹೊರಟಿತು. ಕೀಪ್‌ಅಲೈವ್‌ನ ಮಾತೇ ಬರಲಿಲ್ಲ. ಫೋನ್ ಸುಮ್ಮನಿದ್ದರೆ?

ಅದೇ ಗೇಟು, ಅದೇ ಹೊರಳುವಿಕೆ. ಆದರೆ ಈಗ ಫೋನ್ ಚೀಲದೊಳಗಿದೆ. ಏನನ್ನೂ ಕಳಿಸುತ್ತಿಲ್ಲ. ಫೋನಿನ ವಿಳಾಸ ಬದಲಾಯಿತು. ಸರ್ವರಿಗೆ ಇದು ಗೊತ್ತಿಲ್ಲ. ಗೊತ್ತಾಗುವ ದಾರಿಯೂ ಇಲ್ಲ, ಏಕೆಂದರೆ ಹೊಸ ವಿಳಾಸದಿಂದ ಒಂದು ಪ್ಯಾಕೆಟ್ಟೂ ಬಂದಿಲ್ಲ. ಆಗ ಕಚೇರಿಯಿಂದ ಮೇಲಧಿಕಾರಿ ಚಾಟ್‌ನಲ್ಲಿ ಒಂದು ಸಂದೇಶ ಕಳಿಸಿದರು. ಸರ್ವರ್ ಅದನ್ನು ಮನೆಯ ಬ್ರಾಡ್‌ಬ್ಯಾಂಡ್ ವಿಳಾಸಕ್ಕೆ ಕಳಿಸಿತು. ಅಲ್ಲಿ ಫೋನ್ ಇಲ್ಲ. ಸಂದೇಶ ತಲುಪಲಿಲ್ಲ. ಬಸ್ಸು ಹತ್ತಿ ಕೂತು, ಫೋನ್ ತೆಗೆದು ಚಾಟ್ ತೆರೆದರು. ತೆರೆದೊಡನೆ ಫೋನ್ ಏನೋ ಒಂದನ್ನು ಕಳಿಸಿತು. ಸರ್ವರಿಗೆ ಹೊಸ ವಿಳಾಸ ತಿಳಿಯಿತು. ಹಿಂದಿನ ಸಂದೇಶಗಳೆಲ್ಲ ಸಾಲಾಗಿ ಬಂದು ಬಿದ್ದವು. ಫೋನ್ ಕೈಗೆತ್ತಿಕೊಂಡಾಗಲೇ ಎಲ್ಲ ಒಟ್ಟಿಗೆ ಬರುತ್ತವೆ ಎಂದು ನೀವೂ ಗಮನಿಸಿದ್ದರೆ, ಇದು ಅದಕ್ಕೆ ಒಂದು ಕಾರಣ.

ಈ ಸುಮ್ಮನಿರುವ ಫೋನಿಗೆ ಇನ್ನೊಂದು ಕಂಟಕವಿದೆ. ಅದಕ್ಕೆ ಗೇಟು ದಾಟಲೇಬೇಕೆಂದಿಲ್ಲ. ಮನೆಯ ವೈ-ಫೈನಲ್ಲಿ ಮೇಜಿನ ಮೇಲೆ ಸುಮ್ಮನೆ ಮಲಗಿರುವ ಫೋನಿಗೂ ಇದು ಆಗುತ್ತದೆ. ಮನೆಯಲ್ಲಿ ನಾಲ್ಕು ಫೋನ್ ಇದ್ದರೂ ಹೊರಗಿನ ಐಪಿ ವಿಳಾಸ ಒಂದೇ. ಯಾವ ಉತ್ತರ ಯಾವ ಫೋನಿನದು ಎಂದು ರೌಟರ್ ಒಂದು ಪಟ್ಟಿಯಲ್ಲಿ ಬರೆದಿಟ್ಟುಕೊಳ್ಳುತ್ತದೆ. ಇದಕ್ಕೆ ನ್ಯಾಟ್ ಎಂದು ಹೆಸರು. ಮೊಬೈಲ್ ಕಂಪನಿಗಳೂ ತಮ್ಮಲ್ಲಿ ಇಂಥ ಪಟ್ಟಿ ಇಟ್ಟಿರುತ್ತವೆ, ಸಾವಿರಾರು ಗ್ರಾಹಕರಿಗೆ ಸೇರಿ ಒಂದು. ಪಟ್ಟಿ ತುಂಬಿಹೋಗಬಾರದೆಂದು, ಕೆಲ ಹೊತ್ತು ಬಳಕೆಯಾಗದ ನಮೂದನ್ನು ಅಳಿಸಿಬಿಡುತ್ತಾರೆ. ಅಳಿಸಿದ ಮೇಲೆ ಹೊರಗಿನಿಂದ ಬಂದ ಪ್ಯಾಕೆಟ್ ಯಾರದೆಂದು ತಿಳಿಯದೆ ಅಲ್ಲೇ ಬಿದ್ದುಹೋಗುತ್ತದೆ.

ಯುಡಿಪಿ ನಮೂದನ್ನು ಎರಡು ನಿಮಿಷಕ್ಕಿಂತ ಮೊದಲು ಅಳಿಸಬಾರದೆಂದು 2007ರ ಒಂದು ಇಂಟರ್‌ನೆಟ್ ನಿಯಮಪತ್ರ ಹೇಳುತ್ತದೆ. ಎಲ್ಲರೂ ಅದನ್ನು ಪಾಲಿಸುವುದಿಲ್ಲ. ಅರ್ಧ ನಿಮಿಷಕ್ಕೇ ಅಳಿಸುವ ರೌಟರುಗಳಿವೆ. ವೈರ್‌ಗಾರ್ಡ್‌ನವರು ಕೀಪ್‌ಅಲೈವ್‌ಗೆ ಇಪ್ಪತ್ತೈದು ಸೆಕೆಂಡಿನ ಅಂತರ ಸೂಚಿಸುವುದು ಇದೇ ಕಾರಣಕ್ಕೆ. ಮೂವತ್ತಕ್ಕೆ ಅಳಿಸುವ ರೌಟರ್ ಇದ್ದರೂ, ಇಪ್ಪತ್ತೈದಕ್ಕೆ ಒಂದು ಪ್ಯಾಕೆಟ್ ಹೋದರೆ ನಮೂದು ಉಳಿಯುತ್ತದೆ. ಫೋನಿನ ವೈರ್‌ಗಾರ್ಡ್ ವಿವರಗಳಲ್ಲಿ ಸರ್ವರಿನ ಭಾಗಕ್ಕೆ ಈ ಸಾಲು ಸೇರಿಸಬೇಕು:

```
PersistentKeepalive = 25
```

ಈ ಸಾಲು ಇಲ್ಲದಿದ್ದರೆ ನಿರಂತರ ಕೀಪ್‌ಅಲೈವ್ ಇರುವುದಿಲ್ಲ. ಅದು ತಾನಾಗಿ ಬರುವ ಸೌಲಭ್ಯವಲ್ಲ.

ಒಮ್ಮೆ ಹಿಂದಿರುಗಿ ನೋಡಿ. ಸುಮ್ಮನಿರುವ ಫೋನಿಗೆ ಎರಡು ತೊಂದರೆ ಎಂದೆವು. ವಿಳಾಸ ಬದಲಾದದ್ದು ಸರ್ವರಿಗೆ ತಿಳಿಯುವುದಿಲ್ಲ. ಬದಲಾಗದಿದ್ದರೂ ನ್ಯಾಟ್ ನಮೂದು ಅಳಿದುಹೋಗುತ್ತದೆ. ಇಪ್ಪತ್ತೈದು ಸೆಕೆಂಡಿಗೊಮ್ಮೆ ಫೋನ್ ಒಂದು ಖಾಲಿ ಪ್ಯಾಕೆಟ್ ಕಳಿಸಿದರೆ ಎರಡಕ್ಕೂ ಉತ್ತರ ಸಿಗುತ್ತದೆ. ನಮೂದು ಉಳಿಯುತ್ತದೆ. ವಿಳಾಸ ಬದಲಾಗಿದ್ದರೆ ಹೆಚ್ಚೆಂದರೆ ಇಪ್ಪತ್ತೈದು ಸೆಕೆಂಡಿನಲ್ಲಿ ಸರ್ವರಿಗೆ ತಿಳಿಯುತ್ತದೆ.

ಇದನ್ನು ಫೋನಿನ ಕಡೆ ಹಾಕಬೇಕು. ಸರ್ವರಿನ ಕಡೆ ಮಾತ್ರ ಹಾಕಿ ಸುಮ್ಮನಾಗುವವರಿದ್ದಾರೆ. ಫೋನ್ ಗೇಟು ದಾಟಿದ ಮೇಲೆ ಸರ್ವರ್ ಕಳಿಸುವ ಖಾಲಿ ಪ್ಯಾಕೆಟ್ಟು ಹಳೆಯ ವಿಳಾಸಕ್ಕೇ ಹೋಗುತ್ತದೆ. ಅದರಿಂದ ಏನೂ ಪ್ರಯೋಜನವಿಲ್ಲ. ಊರು ಬಿಟ್ಟು ಹೋದವರೇ ಎಲ್ಲಿದ್ದೇನೆಂದು ತಿಳಿಸಬೇಕು.

ಹಾಗಾದರೆ ಎಲ್ಲರೂ ಇದನ್ನು ಹಾಕಿಕೊಳ್ಳಬೇಕೇ? ಇಲ್ಲಿ ಬ್ಯಾಟರಿಯ ಲೆಕ್ಕ ಬರುತ್ತದೆ. ಡೇಟಾದ ಲೆಕ್ಕದಲ್ಲಿ ಇದು ಏನೇನೂ ಅಲ್ಲ. ಒಂದು ಖಾಲಿ ಪ್ಯಾಕೆಟ್ ಎಲ್ಲ ಸೇರಿ ಅರವತ್ತು ಬೈಟ್. ದಿನಕ್ಕೆ ಮೂರೂವರೆ ಸಾವಿರ ಪ್ಯಾಕೆಟ್. ಮಧ್ಯೆ ಮಧ್ಯೆ ಆಗುವ ಹ್ಯಾಂಡ್‌ಶೇಕ್ ಸೇರಿಸಿದರೂ ಅರ್ಧ ಎಂಬಿ ಮುಟ್ಟುವುದಿಲ್ಲ. ಖರ್ಚು ಇರುವುದು ಫೋನಿನ ರೇಡಿಯೋದಲ್ಲಿ. ಮೊಬೈಲ್ ಡೇಟಾದಲ್ಲಿ ಒಂದು ಚಿಕ್ಕ ಪ್ಯಾಕೆಟ್ ಕಳಿಸಬೇಕಾದರೂ ನಿದ್ರೆಯಲ್ಲಿರುವ ರೇಡಿಯೋ ಏಳಬೇಕು. ಎದ್ದದ್ದು ಕೂಡಲೇ ಮಲಗುವುದಿಲ್ಲ. ಇನ್ನೇನಾದರೂ ಬರಬಹುದೆಂದು ಹತ್ತು ಸೆಕೆಂಡಿನಷ್ಟು ಎಚ್ಚರವಾಗಿರುತ್ತದೆ. ಇಪ್ಪತ್ತೈದರಲ್ಲಿ ಹತ್ತು ಸೆಕೆಂಡ್ ಎಚ್ಚರ. ಅಂದರೆ ದಿನದ ಐದು ಪಾಲಿನಲ್ಲಿ ಎರಡು ಪಾಲು ರೇಡಿಯೋ ಎದ್ದೇ ಇರುತ್ತದೆ. ಸಂಜೆಯ ಹೊತ್ತಿಗೆ ಬ್ಯಾಟರಿ ಇಳಿದಿರುವುದು ಇದರಿಂದಲೂ ಆಗಬಹುದು.

ಆದ್ದರಿಂದ ನನ್ನ ಅಭಿಪ್ರಾಯ ಇದು. ನೀವು ಕಚೇರಿಯ ಕಡತ ತೆರೆಯುವುದು, ಪುಟ ನೋಡುವುದು ಇಷ್ಟನ್ನೇ ಮಾಡುತ್ತೀರಾದರೆ, ಮೊದಲು ಮಾತಾಡುವುದು ಯಾವಾಗಲೂ ನಿಮ್ಮ ಫೋನೇ. ನಿಮಗೆ ಕೀಪ್‌ಅಲೈವ್ ಬೇಕಿಲ್ಲ. ಹೊರಗಿನಿಂದ ಕರೆಯೋ ಸಂದೇಶವೋ ವಿಪಿಎನ್ ಮೂಲಕ ಯಾವ ಹೊತ್ತಿನಲ್ಲಾದರೂ ಬರಬೇಕೆಂದಿದ್ದರೆ ಬೇಕು. ಹಾಕಿಕೊಂಡ ಮೇಲೂ ಒಂದು ಮಿತಿಯಿದೆ. ಪರದೆ ಆರಿ, ಫೋನ್ ಬಹಳ ಹೊತ್ತು ಅಲುಗಾಡದೆ ಮಲಗಿದ್ದರೆ, ಬ್ಯಾಟರಿ ಉಳಿಸಲು ಫೋನೇ ಆ್ಯಪ್‌ಗಳನ್ನು ತಡೆಹಿಡಿಯುತ್ತದೆ. ಆಂಡ್ರಾಯ್ಡ್‌ನಲ್ಲಿ 2015ರಿಂದಲೂ ಈ ಏರ್ಪಾಡಿದೆ. ಆಗ ಇಪ್ಪತ್ತೈದು ಸೆಕೆಂಡಿನ ಪ್ಯಾಕೆಟ್ ತಡವಾಗಿ ಹೊರಡಬಹುದು.

ಇಷ್ಟು ಕೇಳಿದ ಮೇಲೆ, ನನ್ನ ಫೋನಿನದು ಯಾವ ತೊಂದರೆ ಎಂದು ತಿಳಿಯುವುದು ಹೇಗೆ ಎಂದು ಕೇಳುತ್ತೀರಿ. ವಿಳಾಸದ ತೊಂದರೆಯೋ, ಮೌನದ ತೊಂದರೆಯೋ? ಬೇರ್ಪಡಿಸುವುದು ಕಷ್ಟವಲ್ಲ.

ಮೊದಲು ಜಾಲ ಬದಲಿಸದೆ ನೋಡಿ. ಮನೆಯ ವೈ-ಫೈನಲ್ಲೇ ಫೋನನ್ನು ಐದು ನಿಮಿಷ ಮುಟ್ಟದೆ ಇಡಿ. ಆ ಐದು ನಿಮಿಷದ ಕೊನೆಗೆ ಕಚೇರಿಯ ಗೆಳೆಯರಿಂದ ವಿಪಿಎನ್ ಮೂಲಕ ಒಂದು ಸಂದೇಶ ಕಳಿಸಲು ಹೇಳಿ. ಬರಲಿಲ್ಲ, ಫೋನ್ ತೆರೆದ ಕೂಡಲೇ ಬಂತು. ಹಾಗಾದರೆ ಮೌನದ ತೊಂದರೆ. ಕೀಪ್‌ಅಲೈವ್ ಹಾಕಿದರೆ ಹೋಗುತ್ತದೆ.

ಆಮೇಲೆ ಜಾಲ ಬದಲಿಸಿ ನೋಡಿ. ಒಂದು ಪುಟ ತೆರೆದಿಟ್ಟುಕೊಂಡು ವೈ-ಫೈ ಅನ್ನು ಕೈಯಾರೆ ಆರಿಸಿ. ಪುಟವನ್ನು ಮತ್ತೆ ತೆರೆಯಿರಿ. ಕೆಲವು ಸೆಕೆಂಡಿನಲ್ಲಿ ಬಂದರೆ ನಿಮ್ಮ ವಿಪಿಎನ್ ರೋಮಿಂಗ್ ಸರಿಯಾಗಿಯೇ ಇದೆ. ಕೈಯಾರೆ ಆರಿಸಿದಾಗ ಬೇಗ ಬಂದು, ನಡೆದು ಗೇಟು ದಾಟುವಾಗ ಮಾತ್ರ ತಡವಾದರೆ, ಅದು ಸಾಯುತ್ತಿರುವ ವೈ-ಫೈಯನ್ನು ಫೋನ್ ಬಿಡದ ತೊಂದರೆ. ಆಗ ಮನೆಯಿಂದ ಹೊರಡುವ ಮುನ್ನ ವೈ-ಫೈ ಆರಿಸುವುದಕ್ಕಿಂತ ಒಳ್ಳೆಯ ಉಪಾಯವಿಲ್ಲ.

ಸರ್ವರ್ ನಡೆಸುವವರು ನಮ್ಮ ಕೇಳುಗರಲ್ಲಿದ್ದರೆ ಅವರಿಗೆ ಇನ್ನೂ ನಿಖರವಾಗಿ ತಿಳಿಯುತ್ತದೆ. ಸರ್ವರಿನಲ್ಲಿ `wg show` ಎಂದು ಒತ್ತಿದರೆ ಪ್ರತಿ ಫೋನಿಗೂ ಒಂದು ಭಾಗ ಬರುತ್ತದೆ. ಅದರಲ್ಲಿ `endpoint` ಎಂಬ ಸಾಲಿನ ಮುಂದೆ ಫೋನಿನ ಈಗಿನ ಹೊರಗಿನ ವಿಳಾಸ ಇರುತ್ತದೆ. `latest handshake` ಎಂಬ ಸಾಲು ಕೀಲಿಯನ್ನು ಕೊನೆಯ ಬಾರಿ ಒಪ್ಪಿಕೊಂಡು ಎಷ್ಟು ಹೊತ್ತಾಯಿತೆಂದು ಹೇಳುತ್ತದೆ. ಫೋನಿನಲ್ಲಿ ವೈ-ಫೈ ಆರಿಸಿ ಒಂದು ಪುಟ ತೆರೆಯಲು ಹೇಳಿ, ಈ ವಿಳಾಸವನ್ನೇ ನೋಡುತ್ತಿರಿ. ವಿಳಾಸ ಬದಲಾದರೆ ಫೋನಿನ ಪ್ಯಾಕೆಟ್ ತಲುಪಿದೆ ಎಂದರ್ಥ. ಬದಲಾಗದೆ ಹಳೆಯದೇ ಉಳಿದರೆ, ಫೋನಿನಿಂದ ಒಂದೂ ಬಂದಿಲ್ಲ. ಆ ಮೊಬೈಲ್ ಜಾಲ ನಿಮ್ಮ ಯುಡಿಪಿ ಪೋರ್ಟನ್ನು ತಡೆಯುತ್ತಿದೆಯೇ ನೋಡಬೇಕು. ವಿಳಾಸವೂ ಬದಲಾಯಿತು, ಹ್ಯಾಂಡ್‌ಶೇಕ್ ಕೂಡ ಹೊಸದು, ಆದರೂ ದೊಡ್ಡ ಪುಟಗಳು ಅರ್ಧಕ್ಕೆ ನಿಂತರೆ ಅದು ರೋಮಿಂಗ್ ತೊಂದರೆಯೇ ಅಲ್ಲ. ಮೊಬೈಲ್ ಜಾಲದಲ್ಲಿ ದೊಡ್ಡ ಪ್ಯಾಕೆಟ್ ಹಿಡಿಸುತ್ತಿಲ್ಲ. ಎಂಟಿಯು ಅನ್ನು 1280ಕ್ಕೆ ಇಳಿಸಿ ನೋಡಿ.

ಬಳಕೆಯಲ್ಲಿರುವ ಫೋನಿಗೆ ಹ್ಯಾಂಡ್‌ಶೇಕ್ ಎರಡು ನಿಮಿಷಕ್ಕೊಮ್ಮೆ ಹೊಸದಾಗುತ್ತದೆ. ಮೂರು ನಿಮಿಷ ದಾಟಿದ ಕೀಲಿಯನ್ನು ವೈರ್‌ಗಾರ್ಡ್ ಬಳಸುವುದೇ ಇಲ್ಲ. ನೀವು ಪುಟ ತೆರೆಯಲು ನೋಡುತ್ತಿದ್ದೀರಿ, `latest handshake` ಸಾಲು ಮಾತ್ರ ನಾಲ್ಕು ನಿಮಿಷ, ಐದು ನಿಮಿಷ ಎನ್ನುತ್ತಾ ಬೆಳೆಯುತ್ತಿದೆ ಎಂದರೆ ವಿಪಿಎನ್ ನಿಜವಾಗಿಯೂ ಕಡಿದಿದೆ. ಕೀಪ್‌ಅಲೈವ್ ಇಲ್ಲದ, ಸುಮ್ಮನೆ ಮಲಗಿರುವ ಫೋನಿಗೆ ಒಂದು ಗಂಟೆ ಎಂದಿದ್ದರೂ ಗಾಬರಿ ಬೇಡ. ಅದು ಸಹಜ.

ಕೊನೆಯದಾಗಿ ಒಂದು ಸಂದರ್ಭ. ಕೀಲಿಯಿಂದ ಗುರುತು ಹಿಡಿಯುವ ಏರ್ಪಾಡು ಕೂಡ ಇಲ್ಲಿ ಕೈಕೊಡುತ್ತದೆ. ಫೋನ್ ಓಡಾಡಬಹುದು ಎಂದೆವು, ಆದರೆ ಸರ್ವರ್ ನಿಂತಲ್ಲೇ ನಿಂತಿರಬೇಕು. ಕಚೇರಿಯ ಸರ್ವರ್ ಸಾಮಾನ್ಯವಾಗಿ ನಿಂತೇ ಇರುತ್ತದೆ. ಈಗ ಕೆಲವರು ತಮ್ಮ ಮನೆಯಲ್ಲೇ ಒಂದು ಚಿಕ್ಕ ವೈರ್‌ಗಾರ್ಡ್ ಸರ್ವರ್ ಇಟ್ಟುಕೊಳ್ಳುತ್ತಾರೆ. ಹೊರಗಿನಿಂದ ಮನೆಯ ಕ್ಯಾಮೆರಾ ನೋಡಲು, ಮನೆಯ ಕಡತ ತೆರೆಯಲು. ಕರೆಂಟ್ ಹೋಗಿ ಬಂತು ಎನ್ನಿ. ರೌಟರ್ ಮತ್ತೆ ಶುರುವಾಯಿತು. ಬ್ರಾಡ್‌ಬ್ಯಾಂಡ್‌ನವರು ಹೊಸ ಐಪಿ ವಿಳಾಸ ಕೊಟ್ಟರು. ಅದೇ ಹೊತ್ತಿಗೆ ನಿಮ್ಮ ಫೋನೂ ವೈ-ಫೈ ಬಿಟ್ಟು ಮೊಬೈಲ್ ಡೇಟಾಕ್ಕೆ ಬಂದಿದೆ. ಇಬ್ಬರ ವಿಳಾಸವೂ ಬದಲಾಯಿತು. ಫೋನ್ ಮನೆಯ ಹಳೆಯ ವಿಳಾಸಕ್ಕೆ ಕಳಿಸುತ್ತದೆ, ಮನೆಯ ಸರ್ವರ್ ಫೋನಿನ ಹಳೆಯ ವಿಳಾಸಕ್ಕೆ. ಇಪ್ಪತ್ತೈದು ಸೆಕೆಂಡಿಗೊಮ್ಮೆ ಕೀಪ್‌ಅಲೈವ್ ಹೋದರೂ ಅದು ತಪ್ಪು ಮನೆಗೇ ಹೋಗುತ್ತದೆ.

ಮನೆಯ ವಿಳಾಸದ ಜಾಗದಲ್ಲಿ ಒಂದು ಹೆಸರು ಬರೆದು, ವಿಳಾಸ ಬದಲಾದಾಗೆಲ್ಲ ಆ ಹೆಸರನ್ನು ಹೊಸ ವಿಳಾಸಕ್ಕೆ ತಿದ್ದುವ ಡೈನಾಮಿಕ್ ಡಿಎನ್ಎಸ್ ಸೇವೆಗಳಿವೆ. ಆದರೆ ವೈರ್‌ಗಾರ್ಡ್ ತಾನಾಗಿ ಆ ಹೆಸರನ್ನು ಆಗಾಗ ಕೇಳಿ ನೋಡುವುದಿಲ್ಲ. ವಿಪಿಎನ್ ಹಾಕಿದಾಗ ಒಮ್ಮೆ ಹೆಸರಿನಿಂದ ವಿಳಾಸ ಪಡೆದು, ಆಮೇಲೆ ಆ ವಿಳಾಸವನ್ನೇ ಹಿಡಿದುಕೊಳ್ಳುತ್ತದೆ. ಆದ್ದರಿಂದ ಇಲ್ಲಿ ಮಾತ್ರ ಆರಿಸಿ ಮತ್ತೆ ಹಾಕುವುದೇ ಸರಿಯಾದ ಮದ್ದು. ಹಾಕಿದಾಗ ಫೋನ್ ಹೆಸರನ್ನು ಹೊಸದಾಗಿ ಕೇಳುತ್ತದೆ, ಹೊಸ ವಿಳಾಸ ಸಿಗುತ್ತದೆ. ಅದನ್ನೂ ತಪ್ಪಿಸಬೇಕೆಂದರೆ ಬ್ರಾಡ್‌ಬ್ಯಾಂಡ್‌ನವರಿಂದ ಬದಲಾಗದ ಐಪಿ ವಿಳಾಸ ಕೇಳಿ ಪಡೆಯಬೇಕು.